ಮದುವೆಯ ಹೊಸತರಲ್ಲಿ "ಆಗ್ತಾ ಇಲ್ಲ" ಅಂದರೆ: ಮೊದಲ ಆರು ವಾರ ಏನು ಮಾಡಬೇಕು, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ಕುಮಟಾದಲ್ಲಿ ನನ್ನದು ಔಷಧಿ ಅಂಗಡಿ. ಏಪ್ರಿಲ್, ಮೇ ತಿಂಗಳ ಮದುವೆಗಳು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತದೆ. ಹುಡುಗ ಬರುತ್ತಾನೆ, ಬೇರೆ ಗಿರಾಕಿಗಳು ಹೋಗುವವರೆಗೆ ಟೂತ್‌ಪೇಸ್ಟ್ ಇಟ್ಟ ಕಡೆ ನೋಡುತ್ತಾ ನಿಲ್ಲುತ್ತಾನೆ, ಆಮೇಲೆ ಕೌಂಟರಿಗೆ ಬಾಗಿ "ಅದಕ್ಕೊಂದು ಮಾತ್ರೆ ಇದ್ಯಾ?" ಎಂದು ಕೇಳುತ್ತಾನೆ. ಮದುವೆಯಾಗಿ ಹತ್ತು ದಿನ ಆಗಿರುತ್ತದೆ, ಇಲ್ಲ ಒಂದು ತಿಂಗಳು. ಇವರಿಗೆಲ್ಲ ಕೌಂಟರಿನಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಇದರಲ್ಲಿ ಬಹಳಷ್ಟು ಮನೆಯಲ್ಲೇ ಮಾಡುವಂಥದ್ದು, ಯಾವುದಕ್ಕೆ ಡಾಕ್ಟರು ಬೇಕೇ ಬೇಕು ಅನ್ನುವುದನ್ನು ಬೇರೆಯಾಗಿ ಹೇಳಿದ್ದೇನೆ.

ಇದು ಒಂದೇ ತೊಂದರೆಯ ಬಗ್ಗೆ: ಆಸೆ ಇದೆ, ಹೆಂಡತಿ ಹತ್ತಿರ ಇದ್ದಾಳೆ, ಆದರೆ ಕೂಡುವ ಹೊತ್ತಿಗೆ ಸರಿಯಾಗಿ ಶಿಶ್ನ ನಿಮಿರುವುದಿಲ್ಲ, ಅಥವಾ ನಿಮಿರಿದ್ದು ಅರ್ಧದಲ್ಲೇ ಮೆತ್ತಗಾಗುತ್ತದೆ. ಹೆದರಿಕೆಯಿಂದ ಹೀಗಾಗುವುದನ್ನು ಡಾಕ್ಟರುಗಳು ಪರ್ಫಾರ್ಮೆನ್ಸ್ ಆಂಗ್ಸೈಟಿ ಎನ್ನುತ್ತಾರೆ, ಅಂದರೆ "ನನ್ನಿಂದ ಆಗುತ್ತದೋ ಇಲ್ಲವೋ" ಎಂಬ ಆತಂಕ.

ಬೇಕಾದದ್ದು ಮೂರೇ: ಸುಮಾರು ಆರು ವಾರ ಸಮಯ, ಹೆಂಡತಿಯ ಒಪ್ಪಿಗೆ, ಮತ್ತು ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ. ಮೂರನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಲಗೆಯ ಮೆತ್ತಿನ ಮೇಲೆ ಮಲಗಿ, ಕೆಳಗೆ ಅಪ್ಪ ಕೆಮ್ಮುವುದು ಕೇಳಿಸುತ್ತಾ, ಮಂಚ ಕಿರುಗುಟ್ಟಿದರೆ ಮನೆಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೇ ಮಲಗುವವರಿಗೆ ಅದು ಸಣ್ಣದಲ್ಲ.

1. ಮೊದಲು ಬೆಳಗಿನ ಜಾವ ಗಮನಿಸಿ

ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಅದರಲ್ಲೂ ಕನಸು ಬೀಳುವ ಹಂತದಲ್ಲಿ, ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಬೆಳಿಗ್ಗೆ ಎದ್ದಾಗ ಕಾಣುವುದು ಅದರಲ್ಲಿ ಕೊನೆಯದು, ಮೂತ್ರ ತುಂಬಿದ್ದಕ್ಕೆ ಆಗುವುದಲ್ಲ. ನಿದ್ದೆಯಲ್ಲಿ ಆತಂಕ ಇರುವುದಿಲ್ಲ, ಹಾಗಾಗಿ ರಕ್ತನಾಳ, ನರ, ಹಾರ್ಮೋನು ಸರಿ ಇದ್ದರೆ ದೇಹ ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಎರಡು ವಾರ ಇದನ್ನು ಸುಮ್ನೆ ನೋಡಿಕೊಳ್ಳಿ. ವಾರದಲ್ಲಿ ಕೆಲವು ದಿನವಾದರೂ ಬೆಳಿಗ್ಗೆ ಚೆನ್ನಾಗಿ ಗಟ್ಟಿ ಇರುತ್ತದೆ, ಒಬ್ಬರೇ ಇದ್ದಾಗ ತೊಂದರೆ ಇಲ್ಲ, ಮದುವೆಯಾದ ದಿನದಿಂದ ಒಮ್ಮೆಗೇ ಶುರುವಾಯಿತು, ಕೆಲವು ದಿನ ಆಗುತ್ತದೆ ಕೆಲವು ದಿನ ಇಲ್ಲ ಎಂದಾದರೆ ಬಹುತೇಕ ಇದು ಹೆದರಿಕೆಯ ಕೆಲಸ. ಅದಕ್ಕೆ ಬದಲು ಬೆಳಗಿನದೂ ಇಲ್ಲ, ಒಬ್ಬರೇ ಇದ್ದಾಗಲೂ ಇಲ್ಲ, ಒಂದೆರಡು ವರ್ಷದಿಂದ ನಿಧಾನಕ್ಕೆ ಕಡಿಮೆಯಾಗುತ್ತಾ ಬಂದಿದೆ ಎಂದಾದರೆ ಮುಂದಿನ ಹಂತ ಬಿಟ್ಟು ನೇರ 5ನೆಯದಕ್ಕೆ ಹೋಗಿ. ಅದು ದೇಹದ ತೊಂದರೆಯ ಲಕ್ಷಣ.

ಇಲ್ಲಿ ಆಗುವ ತಪ್ಪು: ಅಡಿಕೆ ಸುಲಿತದ ಹೊತ್ತಿನಲ್ಲಿ ಮೂರು ತಾಸು ಮಲಗಿ, ಅಥವಾ ಬೋಟಿನಿಂದ, ರಾತ್ರಿ ಪಾಳಿಯಿಂದ ಬಂದು ಅರೆನಿದ್ದೆ ಮಾಡಿ "ಬೆಳಿಗ್ಗೆಯೂ ಇಲ್ಲ" ಎಂದು ಗಾಬರಿಯಾಗುವುದು. ನಿದ್ದೆಯೇ ಇಲ್ಲದಿದ್ದರೆ ಕನಸಿನ ಹಂತವೂ ಇಲ್ಲ. ಆರೇಳು ತಾಸು ನಿದ್ದೆಯಾದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

2. ಒಳಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳಿ

ಇದನ್ನು ಓದದೆ ಹಾರಿಸಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಶಿಶ್ನದೊಳಗೆ ಮೂಳೆಯೂ ಇಲ್ಲ, ಬೇಕೆಂದಾಗ ಬಿಗಿ ಮಾಡಬಹುದಾದ ತೋಳಿನಂಥ ಸ್ನಾಯುವೂ ಇಲ್ಲ. ಇರುವುದು ಸ್ಪಂಜಿನಂಥ ಅಂಗಾಂಶ, ಅದರ ರಕ್ತನಾಳಗಳ ಸುತ್ತ ನಮ್ಮ ಮಾತು ಕೇಳದ ಸಣ್ಣ ಸ್ನಾಯುಗಳು. ಮನಸ್ಸು ನಿರಾಳವಾಗಿದ್ದು ಆಸೆ ಹುಟ್ಟಿದಾಗ ನರಗಳಿಂದ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಆಗ ಈ ಸ್ನಾಯುಗಳು ಸಡಿಲವಾಗುತ್ತವೆ, ರಕ್ತ ನುಗ್ಗಿ ತುಂಬುತ್ತದೆ. ಅಂದರೆ ಒಳಗೆ ಸಡಿಲ ಬಿಟ್ಟರೆ ಮಾತ್ರ ಹೊರಗೆ ಗಟ್ಟಿ.

ಹೆದರಿಕೆಯಾದಾಗ ಇದಕ್ಕೆ ತಿರುಗುಮುರುಗು. ಹಾದಿಯಲ್ಲಿ ಹಾವು ಕಂಡರೆ ಎದೆ ಹೊಡೆದುಕೊಂಡು ಅಂಗೈ ತಣ್ಣಗಾಗುತ್ತದೆ, ಅಲ್ವಾ? ಅದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. "ಇವತ್ತೂ ಆಗದಿದ್ದರೆ" ಎಂಬ ಯೋಚನೆಗೂ ದೇಹ ಅದೇ ಅಡ್ರಿನಲಿನ್ ಸುರಿಸುತ್ತದೆ, ಆ ಸಣ್ಣ ಸ್ನಾಯುಗಳು ಬಿಗಿಯಾಗುತ್ತವೆ, ರಕ್ತ ವಾಪಸಾಗುತ್ತದೆ. ಹಾಗಾಗಿ ಜೋರು ಪ್ರಯತ್ನ ಮಾಡಿದಷ್ಟೂ ಆಗುವುದಿಲ್ಲ. ಕೆಲವರಿಗೆ ಇದೇ ಹೆದರಿಕೆಯಿಂದ ವೀರ್ಯ ಬೇಗ ಹೋಗಿಬಿಡುವುದೂ ಉಂಟು.

ಇದರ ಜೊತೆ ಇನ್ನೊಂದು ಸೇರುತ್ತದೆ. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಇಂಥ ದಂಪತಿಗಳ ಜೊತೆ ಕೆಲಸ ಮಾಡಿ 1970ರಲ್ಲೇ ಇದನ್ನು ವಿವರಿಸಿದ್ದರು. ಒಮ್ಮೆ ಆಗಲಿಲ್ಲ ಎಂದರೆ ಮರುದಿನ ಗಂಡಸು ಹೆಂಡತಿಯ ಜೊತೆ ಇರುವುದನ್ನು ಬಿಟ್ಟು ತನ್ನನ್ನೇ ನೋಡುತ್ತಾ ಕೂರುತ್ತಾನೆ. ಗಟ್ಟಿ ಇದೆಯಾ, ಕಡಿಮೆ ಆಯಿತಾ, ಅವಳಿಗೆ ಗೊತ್ತಾಯಿತಾ. ಆಟವಾಡಬೇಕಾದವನು ಅಂಗಳದ ಹೊರಗೆ ನಿಂತು ನೋಡಿದ ಹಾಗೆ. ಮೈಗೆ ಮುಟ್ಟುವ ಸುಖ ತಲೆಗೆ ಹೋಗುವುದೇ ಇಲ್ಲ, ಹೋಗುವುದು ಲೆಕ್ಕ ಮಾತ್ರ. ನಿನ್ನೆ ಆಗದ್ದಕ್ಕೆ ಕಾರಣ ಬರೀ ಮದುವೆಯ ದಣಿವು ಇರಬಹುದು, ಇವತ್ತಿನದಕ್ಕೆ ಕಾರಣ ನಿನ್ನೆಯದು.

ನಿರೀಕ್ಷೆಗಳು ಎಲ್ಲಿಂದ ಬರುತ್ತವೆ ಎನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ, ಕೊನೆಯವರೆಗೂ ಅದನ್ನೇ ಹಿಡಿದು ಹೋಗುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಶಿರಸಿ ಕಡೆಯ ಅಡಿಕೆ ತೋಟದ ಮನೆ, ಅವನಿಗೆ 34 ವರ್ಷ. ತೋಟದ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಆರು ವರ್ಷ ಹುಡುಕಿ ಮದುವೆಯಾಯಿತು. ಮೂರು ದಿನ ನೆಂಟರು, ಊಟ, ನಿದ್ದೆಯಿಲ್ಲ. ಮೊದಲ ರಾತ್ರಿ ಆಗಲಿಲ್ಲ, ಎರಡನೆಯದೂ ಇಲ್ಲ. "ಹುಡುಗಿ ಸಿಕ್ಕಿದ್ದೇ ಹೆಚ್ಚು, ಈಗ ಬಿಟ್ಟು ಹೋದರೆ?" ಎಂಬುದೊಂದೇ ತಲೆಯಲ್ಲಿ. ಆಷಾಢಕ್ಕೆ ಹೆಂಡತಿ ತವರಿಗೆ ಹೋಗುವುದರೊಳಗೆ ಆಗಲೇಬೇಕು ಎಂದು ತಾನೇ ಗಡುವು ಹಾಕಿಕೊಂಡ. ಅತ್ತಿಗೆ ಬೇರೆ "ಏನಾದ್ರೂ ವಿಶೇಷ ಉಂಟಾ?" ಎಂದು ಕೇಳಿದ್ದಳು. ಅವನಿಗೆ ಬೆಳಗಿನ ನಿಮಿರುವಿಕೆ ದಿನವೂ ಇತ್ತು. ದೇಹದಲ್ಲಿ ಕೊರತೆ ಇರಲಿಲ್ಲ, ಪ್ರತಿ ರಾತ್ರಿಯೂ ಪರೀಕ್ಷೆಯಾಗಿತ್ತು ಅಷ್ಟೇ.

3. ಮೊದಲು ನಿಲ್ಲಿಸಬೇಕಾದ್ದನ್ನು ನಿಲ್ಲಿಸಿ

ದಿನಾ ರಾತ್ರಿ "ಇವತ್ತು ನೋಡೋಣ" ಎಂದು ಪ್ರಯತ್ನಿಸುವುದನ್ನು ನಿಲ್ಲಿಸಿ. ಪ್ರತಿ ಸೋಲೂ ಮುಂದಿನದಕ್ಕೆ ದಾರಿ ಮಾಡುತ್ತದೆ.

ಧೈರ್ಯಕ್ಕೆ ಎಂದು ಕುಡಿಯಬೇಡಿ. ಒಂದು ಗ್ಲಾಸು ಫೆನ್ನಿ ಸಂಕೋಚ ಕಡಿಮೆ ಮಾಡಬಹುದು, ಎರಡು ಮೂರಾದರೆ ನರಗಳೇ ಮಂದವಾಗುತ್ತವೆ. ಗೆಳೆಯರು ಕುಡಿಸಿ ಕಳಿಸಿ ಕೆಟ್ಟದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬೀಡಿ, ಸಿಗರೇಟು ರಕ್ತನಾಳವನ್ನು ಕುಗ್ಗಿಸುತ್ತವೆ, ಅದನ್ನೂ ಬಿಡುವುದು ಒಳ್ಳೆಯದು.

ಲಾಡ್ಜಿನಲ್ಲಿ ವಾರಕ್ಕೊಮ್ಮೆ ಕೂರುವ "ಗುಪ್ತರೋಗ ತಜ್ಞ"ರ ಕಡೆ ಹೋಗಬೇಡಿ. ಅಲ್ಲಿ ಮೊದಲು ಕೇಳುವುದು ಚಿಕ್ಕಂದಿನ ಹಸ್ತಮೈಥುನದ ಬಗ್ಗೆ, ಆಮೇಲೆ "ಧಾತು ಹೋಗಿ ನರ ಸತ್ತಿದೆ" ಎನ್ನುತ್ತಾರೆ, ಆಮೇಲೆ ಸಾವಿರಗಟ್ಟಲೆ ರೂಪಾಯಿಯ ಪುಡಿ. ಹಸ್ತಮೈಥುನದಿಂದ ನರ ಸಾಯುವುದಿಲ್ಲ, ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ, ದೇಹ ಅದನ್ನು ದಿನವೂ ತಯಾರಿಸುತ್ತಲೇ ಇರುತ್ತದೆ. ಆ ನಂಬಿಕೆಯಿಂದ ಬರುವ ಹೆದರಿಕೆಗೆ ಮನೋವೈದ್ಯದಲ್ಲಿ ಧಾತ್ ಸಿಂಡ್ರೋಮ್ ಎಂಬ ಹೆಸರೇ ಇದೆ, 1960ರಲ್ಲಿ ಎನ್. ಎನ್. ವಿಗ್ ಎಂಬ ಭಾರತದ ಮನೋವೈದ್ಯರು ಕೊಟ್ಟದ್ದು. ಇನ್ನು "ಗಿಡಮೂಲಿಕೆ ಪವರ್ ಕ್ಯಾಪ್ಸೂಲ್" ಎಂದು ಮಾರುವುದರಲ್ಲಿ ಎಷ್ಟೋ ಸಲ ಲೇಬಲ್ಲಿನಲ್ಲಿ ಹೇಳದೆ, ನಿಮಿರಲು ಕೊಡುವ ಸಿಲ್ಡೆನಫಿಲ್ ಎಂಬ ಅಲೋಪತಿ ಔಷಧವನ್ನೇ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಎಷ್ಟು ಬೆರೆಸಿದ್ದಾರೆ ಎಂದು ತಿಂದವರಿಗೆ ಗೊತ್ತಿರುವುದಿಲ್ಲ.

4. ಹೆಂಡತಿಗೆ ಹೇಳಿ, ಆಮೇಲೆ ಮೂರು ನಾಲ್ಕು ವಾರ ಕೂಡುವುದನ್ನೇ ಬಿಡಿ

ಹೇಳುವುದು ಹಾಸಿಗೆಯಲ್ಲಿ ಬೇಡ, ಸೋತ ಕೂಡಲೆ ಬೇಡ. ಹಗಲು ಹೊತ್ತು, ಇಬ್ಬರೇ ಇರುವಾಗ, ನಡೆಯುತ್ತಾ ಹೇಳಿದರೆ ಸುಲಭ. ಮುಖ ನೋಡಬೇಕಾಗುವುದಿಲ್ಲ. ನಮ್ಮ ಶಿರಸಿಯವನು ತೋಟದ ದಾರಿಯಲ್ಲಿ ಹೇಳಿದ್ದು ಇಷ್ಟೇ: "ನಿನ್ನಲ್ಲಿ ಏನೂ ಕೊರತೆ ಇಲ್ಲ. ನನಗೆ ಆ ಹೊತ್ತಿಗೆ ಹೆದರಿಕೆ ಆಗ್ತದೆ, ಮೈ ಮಾತು ಕೇಳೂದಿಲ್ಲ. ಸ್ವಲ್ಪ ದಿನ ಅದನ್ನ ಬಿಟ್ಟು ಸುಮ್ನೆ ಹತ್ರ ಇರೋಣ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ನಾನು ಇಷ್ಟ ಆಗ್ಲಿಲ್ಲ ಅಂದ್ಕೊಂಡಿದ್ದೆ" ಎಂದಳಂತೆ. ಒಂದು ತಿಂಗಳು ಇಬ್ಬರೂ ಬೇರೆ ಬೇರೆ ಹೆದರಿಕೆ ಹೊತ್ತು ಒಂದೇ ಮಂಚದಲ್ಲಿ ಮಲಗಿದ್ದರು. ನೀವು ಹೇಳದಿದ್ದರೆ ಹೆಂಡತಿ ಬಹುತೇಕ ತನ್ನದೇ ತಪ್ಪು ಎಂದುಕೊಳ್ಳುತ್ತಾಳೆ, ಇದನ್ನು ನೆನಪಿಡಿ.

ಆಮೇಲಿನದಕ್ಕೆ ಸೆನ್ಸೇಟ್ ಫೋಕಸ್ ಎನ್ನುತ್ತಾರೆ, ಅಂದರೆ ಫಲದ ಯೋಚನೆ ಬಿಟ್ಟು ಸ್ಪರ್ಶದ ಮೇಲೆ ಮಾತ್ರ ಗಮನ ಇಡುವ ಅಭ್ಯಾಸ. ಮಾಸ್ಟರ್ಸ್, ಜಾನ್ಸನ್ ಅವರೇ ಶುರು ಮಾಡಿದ್ದು, ಇವತ್ತಿಗೂ ಆಪ್ತಸಮಾಲೋಚಕರು ಕಲಿಸುವುದು ಇದನ್ನೇ. ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಅರ್ಧ ತಾಸು ಸಾಕು. ಇಬ್ಬರಿಗೂ ಮನಸ್ಸಿದ್ದ ದಿನ ಮಾತ್ರ.

ಮೊದಲ ಒಂದೆರಡು ವಾರ ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನೆ ಮಲಗಿರುವುದು, ಹದಿನೈದು ನಿಮಿಷಕ್ಕೆ ಅದಲುಬದಲು. ಬೆನ್ನು, ತೋಳು, ಕುತ್ತಿಗೆ, ಕಾಲು, ತಲೆಗೂದಲು. ಜನನಾಂಗ, ಎದೆ ಮುಟ್ಟುವಂತಿಲ್ಲ. ಮುಟ್ಟುವ ಜಾಗ ಬಿಸಿಯೋ ತಣ್ಣಗೋ, ನುಣುಪೋ ಒರಟೋ ಎಂದು ಗಮನಿಸಿ. ಯೋಚನೆ "ನಿಮಿರಿತಾ" ಎಂಬ ಕಡೆ ಹೋದರೆ ಮತ್ತೆ ಕೈಬೆರಳಿಗೆ ತನ್ನಿ. ನಿಮಿರಬೇಕೆಂದಿಲ್ಲ, ನಿಮಿರಿದರೂ ಏನೂ ಮಾಡುವಂತಿಲ್ಲ.

ಮುಂದಿನ ವಾರ ಎಲ್ಲ ಕಡೆ ಮುಟ್ಟಬಹುದು, ಕೂಡುವುದು ಮಾತ್ರ ಇಲ್ಲ. ಇಲ್ಲೊಂದು ಮುಖ್ಯವಾದ ಪಾಠ ಇದೆ. ನಿಮಿರಿದ ಮೇಲೆ ಬೇಕೆಂದೇ ಕೈ ತೆಗೆದು ಮೆತ್ತಗಾಗಲು ಬಿಡಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಟ್ಟಿದರೆ ಮತ್ತೆ ಬರುತ್ತದೆ. ಹೋದದ್ದು ತಿರುಗಿ ಬರುತ್ತದೆ ಎಂದು ಎರಡು ಮೂರು ಸಲ ಕಣ್ಣಾರೆ ಕಂಡ ಮೇಲೆ, ಅರ್ಧದಲ್ಲಿ ಮೆತ್ತಗಾದರೆ ಎಂಬ ಭಯ ತಾನಾಗಿ ಇಳಿಯುತ್ತದೆ.

ಅದಾದ ಮೇಲಿನ ವಾರ, ಇಬ್ಬರೂ ನಿರಾಳ ಇದ್ದರೆ, ಒಳಗೆ ಹೋಗುವುದು, ಆದರೆ ಅಲ್ಲಾಡದೆ ಸುಮ್ಮನಿರುವುದು. ಆಮೇಲೆ ನಿಧಾನಕ್ಕೆ ಮುಂದಿನದು.

ಬಹಳ ಜನ ಕೆಡಿಸಿಕೊಳ್ಳುವುದು ಎರಡನೆಯ ವಾರದಲ್ಲಿ. ಚೆನ್ನಾಗಿ ನಿಮಿರುತ್ತದೆ, "ಈಗ ಸಿಕ್ಕಿತು, ಬಿಡಬಾರದು" ಎಂದು ನಿಯಮ ಮುರಿಯುತ್ತಾರೆ. ಆ ಕ್ಷಣಕ್ಕೆ ಅದು ಮತ್ತೆ ಪರೀಕ್ಷೆಯಾಗುತ್ತದೆ, ಅಡ್ರಿನಲಿನ್ ಬರುತ್ತದೆ, ನಿಮಿರಿದ್ದು ಹೋಗುತ್ತದೆ. ಶಿರಸಿಯವನೂ ಹತ್ತನೆಯ ದಿನ ಹಾಗೇ ಮಾಡಿಕೊಂಡ, ಎರಡು ದಿನ ಊಟ ಸೇರಲಿಲ್ಲ. ನಿಮಗೂ ಹಾಗಾದರೆ ಮೊದಲ ವಾರದ ಅಭ್ಯಾಸಕ್ಕೆ ತಿರುಗಿ ಹೋಗಿ. ಕಳೆದುಕೊಂಡದ್ದು ಕೆಲವು ದಿನ ಮಾತ್ರ.

ಇನ್ನೊಂದನ್ನು ಬಿಡುವ ಹಾಗಿಲ್ಲ. ಗಂಡಸು ಸರಿ ಇದ್ದೂ ಒಳಗೆ ಹೋಗದಿರುವುದು ಉಂಟು. ಹೆಂಡತಿಗೆ ಹೆದರಿಕೆಯಿಂದ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ, ತುಂಬ ನೋವಾಗುತ್ತದೆ, ಗೋಡೆಗೆ ತಾಗಿದ ಹಾಗೆ ಎನ್ನುತ್ತಾರೆ. ಇದನ್ನು ವೆಜೈನಿಸ್ಮಸ್ ಎನ್ನುತ್ತಾರೆ. ಅವಳು ಬೇಕೆಂದು ಮಾಡುವುದಲ್ಲ. ಒತ್ತಾಯ ಮಾಡಿದರೆ ಹೆಚ್ಚಾಗುತ್ತದೆ. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

5. ಡಾಕ್ಟರ ಹತ್ತಿರ ಯಾವಾಗ, ಯಾರ ಹತ್ತಿರ

ಮೂರು ತಿಂಗಳಿಗಿಂತ ಜಾಸ್ತಿ ಮುಂದುವರಿದರೆ ಹೋಗಲೇಬೇಕು. ಅಷ್ಟು ಕಾಯದೆ ಈಗಲೇ ಹೋಗಬೇಕಾದವರು: ಬೆಳಗಿನ ನಿಮಿರುವಿಕೆ ಇಲ್ಲದವರು, ಆಸೆಯೇ ಇಲ್ಲವಾದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, 40 ದಾಟಿದವರು, ಶಿಶ್ನ ಡೊಂಕಾಗಿ ನೋವಾಗುವವರು, ನಡೆದರೆ ಎದೆ ಹಿಡಿಯುವವರು. ಹೊಸ ಮಾತ್ರೆ ಶುರು ಮಾಡಿದ ಮೇಲೆ ಹೀಗಾದವರೂ ಹೋಗಬೇಕು. ಬಿಪಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ ಹೀಗೆ ಮಾಡುತ್ತವೆ. ಆದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರು ಬೇರೆಯದಕ್ಕೆ ಬದಲಿಸಿ ಕೊಡುತ್ತಾರೆ.

ವಯಸ್ಸಾದವರಿಗೆ ಯಾಕೆ ಅವಸರ ಎಂದರೆ, ಶಿಶ್ನಕ್ಕೆ ರಕ್ತ ತರುವ ನಾಳ ಒಂದೆರಡು ಮಿಲಿಮೀಟರಿನಷ್ಟು ಸಣ್ಣದು, ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟುವುದು ಶುರುವಾದರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಹೃದಯದ ತೊಂದರೆಗೆ ಕೆಲವು ವರ್ಷ ಮೊದಲೇ ಬರುವ ಸೂಚನೆ ಇದಾಗಿರಬಹುದು. ಒಂದೇ ಮಾತ್ರೆಗೆ ನನ್ನ ಹತ್ತಿರ ಮೂರು ಸಲ ಬಂದ 48ರ ಒಬ್ಬರನ್ನು ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕಳಿಸಿದ ಮೇಲೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅವರು ಅದನ್ನೂ ಹೆಂಡತಿ ಜೊತೆಗಿನ ಜಗಳದ ಟೆನ್ಷನ್ ಎಂದೇ ತಿಳಿದಿದ್ದರು.

ಮೊದಲು ಎಂಬಿಬಿಎಸ್ ಅಥವಾ ಎಂಡಿ ಫಿಜಿಶಿಯನ್ ಸಾಕು. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಬಿಪಿ, ಸಕ್ಕರೆ ನೋಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿಂದ ಬೇಕಾದರೆ ಮೂತ್ರಾಂಗ ತಜ್ಞರು, ಅಂದರೆ ಯೂರಾಲಜಿಸ್ಟ್. ಹೆದರಿಕೆಯದೇ ಎಂದು ಖಚಿತವಾದರೆ ಮನೋವೈದ್ಯರು, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಸಿಗುತ್ತಾರೆ. ಊರಿನಲ್ಲಿ ಯಾರಾದರೂ ನೋಡಿಯಾರು ಎಂದು ಹಿಂಜರಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಒಳಗೆ ಹೋದ ಮೇಲೆ "ವೀಕ್‌ನೆಸ್" ಎನ್ನಬೇಡಿ. ಹಾಗೆಂದರೆ ಟಾನಿಕ್ ಬರೆದು ಕಳಿಸಿಬಿಡಬಹುದು. "ಕೂಡುವಾಗ ನಿಮಿರುವುದಿಲ್ಲ, ಇಷ್ಟು ದಿನದಿಂದ, ಬೆಳಿಗ್ಗೆ ಇದೆ ಅಥವಾ ಇಲ್ಲ, ಈ ಮಾತ್ರೆ ತಗೊಳ್ತಾ ಇದ್ದೇನೆ" ಎಂದು ನಾಲ್ಕು ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಿ ಬರದಿದ್ದರೆ ಚೀಟಿಯನ್ನೇ ಕೊಡಿ. ಸಾಮಾನ್ಯವಾಗಿ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸಕ್ಕರೆಯ ಸರಾಸರಿ, ಕೊಲೆಸ್ಟ್ರಾಲ್ ನೋಡುತ್ತಾರೆ. ಟೆಸ್ಟೋಸ್ಟಿರಾನ್ ಎಂಬ ಗಂಡಸಿನ ಹಾರ್ಮೋನು ನೋಡುವುದಿದ್ದರೆ ರಕ್ತ ಬೆಳಿಗ್ಗೆಯೇ ಕೊಡಬೇಕು, ಮಧ್ಯಾಹ್ನಕ್ಕೆ ಅದು ಇಳಿಯುತ್ತದೆ, ಸುಳ್ಳು ಲೆಕ್ಕ ಬರುತ್ತದೆ.

ಈಗ ಆ ಮಾತ್ರೆ. ಸಿಲ್ಡೆನಫಿಲ್, ಟಡಾಲಫಿಲ್ ಒಳ್ಳೆಯ ಔಷಧಗಳೇ, ಆದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಹೆದರಿಕೆಯ ಕೇಸಿನಲ್ಲೂ ಡಾಕ್ಟರು ಕೆಲವೊಮ್ಮೆ ಕಡಿಮೆ ಪ್ರಮಾಣದಲ್ಲಿ ಸ್ವಲ್ಪ ದಿನಕ್ಕೆ ಕೊಡುತ್ತಾರೆ, ನಂಬಿಕೆ ತಿರುಗಿ ಬರಲಿ ಎಂದು. ಆದರೆ ಅದು ಆಸೆ ಹುಟ್ಟಿಸುವುದಿಲ್ಲ, ಆಸೆ ಇದ್ದಾಗ ರಕ್ತ ತುಂಬಿ ನಿಲ್ಲಲು ಸಹಾಯ ಮಾಡುತ್ತದೆ ಅಷ್ಟೇ. ಸಿಲ್ಡೆನಫಿಲ್ ಕೆಲಸ ಮಾಡಲು ಸುಮಾರು ಒಂದು ತಾಸು ಬೇಕು, ಎಣ್ಣೆ ಜಿಡ್ಡಿನ ಊಟ ಹೊಡೆದು ತೆಗೆದುಕೊಂಡರೆ ಇನ್ನೂ ತಡ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವ ಹೋಗಬಹುದು. ನಿಮಿರಿದ್ದು ನಾಲ್ಕು ತಾಸಾದರೂ ಇಳಿಯದಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಶಿರಸಿಯವನ ಬಿಪಿ, ಸಕ್ಕರೆ ಎಲ್ಲ ಸರಿ ಇತ್ತು. ಡಾಕ್ಟರು ನಾಲ್ಕು ಮಾತ್ರೆ ಬರೆದುಕೊಟ್ಟಿದ್ದರು, ಅವನು ಎರಡು ಬಳಸಿದ. ಆಷಾಢದಲ್ಲಿ ಹೆಂಡತಿ ತವರಿಗೆ ಹೋದಾಗ ಗಡುವು ಮುಗಿಯಿತು ಎಂದು ಅವನಿಗೇ ಹಗುರಾಯಿತಂತೆ. ಅವಳು ತಿರುಗಿ ಬಂದ ಮೇಲೆ ಮೊದಲ ವಾರದ ಅಭ್ಯಾಸದಿಂದ ಮತ್ತೆ ಶುರು ಮಾಡಿದರು. ಚೌತಿ ಹಬ್ಬದ ಮುಂಚೆ ಅಂಗಡಿಗೆ ಬಂದಿದ್ದ. ಅಮ್ಮನ ಬಿಪಿ ಮಾತ್ರೆ ತೆಗೆದುಕೊಂಡ. ಮತ್ತೇನಾದರೂ ಬೇಕಾ ಎಂದು ಕೇಳಿದೆ, ಬೇಡ ಎಂದ.